ಗ್ರಾಸಿಮ್ ಸಿಮೆಂಟ್ ಕಂಪನಿಯಾ, ಬಟ್ಟೆ ಕಂಪನಿಯಾ?

ಓದುಗರ ಪ್ರಶ್ನೆ: ನಾನು ರಾಣೆಬೆನ್ನೂರಿನವನು, ನಿವೃತ್ತ ಉಪನ್ಯಾಸಕ. ಸುಮಾರು 10 ಲಕ್ಷ ರೂಪಾಯಿಯ ಷೇರುಗಳಿವೆ. ಯಾವ ವಲಯದಲ್ಲೂ ಶೇ 20ಕ್ಕಿಂತ ಜಾಸ್ತಿ ಇರಬಾರದು ಎಂದು ಎಕ್ಸೆಲ್‌ನಲ್ಲಿ ಲೆಕ್ಕ ಇಟ್ಟಿದ್ದೇನೆ. ಗ್ರಾಸಿಮ್ 1.2 ಲಕ್ಷದ್ದು, ಅಲ್ಟ್ರಾಟೆಕ್ ಸಿಮೆಂಟ್ 1 ಲಕ್ಷದ್ದು, ಬ್ಯಾಂಕು ಮತ್ತು ಫೈನಾನ್ಸ್ ಷೇರುಗಳು 2.8 ಲಕ್ಷದ್ದು. ನಮ್ಮ ಪಕ್ಕದ ಕುಮಾರಪಟ್ಟಣದಲ್ಲಿ ಗ್ರಾಸಿಮ್ ನಾರು ಮಾಡುತ್ತೆ, ಅದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ನನ್ನ ಬ್ರೋಕರ್ ಆ್ಯಪ್ ಅದನ್ನು ಸಿಮೆಂಟ್ ಅನ್ನುತ್ತೆ. ಮಗಳು ‘ಡೈವರ್ಸಿಫೈಡ್’ ಅಂತ ಹಾಕಿ ಅನ್ನುತ್ತಾಳೆ. ಯಾವುದು ಸರಿ? ನನ್ನ ಬಳಿ ಸಿಮೆಂಟ್ ಜಾಸ್ತಿ ಆಯ್ತಾ?

ಉತ್ತರ:

ಮೂವರೂ ತಪ್ಪಿಲ್ಲ. ಒಬ್ಬೊಬ್ಬರು ಕಂಪನಿಯ ಒಂದೊಂದು ಲೆಕ್ಕಪತ್ರ ನೋಡುತ್ತಿದ್ದೀರಿ, ಅಷ್ಟೇ. ನಿಮ್ಮ ಎಕ್ಸೆಲ್‌ಗೆ ಬೇಕಾಗಿರುವುದು ಒಂದು ಹೆಸರಲ್ಲ, ಒಂದು ಪಾಲು. ಆ ಪಾಲು ಎಷ್ಟು ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳೆಲ್ಲ 2023–24ರ ಹಣಕಾಸು ವರ್ಷದ್ದು. ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ. ವಿಧಾನ ಕೈಗೆ ಬಂದರೆ ಹೊಸ ವರದಿಯ ಅಂಕಿ ಹಾಕಿಕೊಳ್ಳುವುದು ಅರ್ಧ ಗಂಟೆಯ ಕೆಲಸ.

ಮೊದಲು ಕಂಪನಿಯೊಳಗೆ ಏನೇನಿದೆ ನೋಡೋಣ. ಇದಕ್ಕೆ ಕರ್ನಾಟಕ ಬಿಟ್ಟು ಹೋಗಬೇಕಿಲ್ಲ. ನಿಮ್ಮ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ವಿಸ್ಕೋಸ್ ನಾರು ಮಾಡುತ್ತಾರೆ. ಕಾರವಾರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ. ಚಾಮರಾಜನಗರದಲ್ಲಿ ಬಿರ್ಲಾ ಓಪಸ್ ಪೇಂಟ್. ಈ ಮೂರೂ ನೇರವಾಗಿ ಗ್ರಾಸಿಮ್‌ನವೇ. ಇನ್ನು ಕಲಬುರಗಿ ಕಡೆಯ ಮಳಖೇಡದಲ್ಲಿ, ಅದೇ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ರಾಜಶ್ರೀ ಸಿಮೆಂಟ್ ಕಾರ್ಖಾನೆ ಇದೆ. ಅದು ಅಲ್ಟ್ರಾಟೆಕ್‌ನದು. ಅಲ್ಟ್ರಾಟೆಕ್ ಬೇರೆ ಕಂಪನಿ, ಬೇರೆ ಷೇರು. ಆದರೆ ಅದರ ಸುಮಾರು ಶೇ 57 ಗ್ರಾಸಿಮ್ ಕೈಯಲ್ಲಿದೆ. ಹಾಗೆಯೇ ಸಾಲ, ವಿಮೆ, ಮ್ಯೂಚುವಲ್ ಫಂಡ್ ವ್ಯವಹಾರದ ಆದಿತ್ಯ ಬಿರ್ಲಾ ಕ್ಯಾಪಿಟಲ್‌ನಲ್ಲಿ ಸುಮಾರು ಶೇ 53 ಗ್ರಾಸಿಮ್‌ನದು.

ನಿಮ್ಮ ಗೊಂದಲದ ಬೇರು ಇರುವುದು ಇಲ್ಲೇ. ಗ್ರಾಸಿಮ್ ಪ್ರತಿ ವರ್ಷ ಎರಡು ಲೆಕ್ಕ ಕೊಡುತ್ತೆ. ಒಂದು ಸ್ಟ್ಯಾಂಡ್‌ಅಲೋನ್, ಅಂದರೆ ತನ್ನದೇ ಕಾರ್ಖಾನೆಗಳದ್ದು. ಇನ್ನೊಂದು ಕನ್ಸಾಲಿಡೇಟೆಡ್, ಅಂದರೆ ಅಂಗಸಂಸ್ಥೆಗಳನ್ನೂ ಸೇರಿಸಿದ್ದು. ಸ್ಟ್ಯಾಂಡ್‌ಅಲೋನ್ ಆದಾಯ ಸುಮಾರು 26 ಸಾವಿರ ಕೋಟಿ. ಅದರಲ್ಲಿ ನಾರಿನದೇ ಸುಮಾರು 15 ಸಾವಿರ ಕೋಟಿ, ಅರ್ಧಕ್ಕಿಂತ ಜಾಸ್ತಿ. ಇದೊಂದನ್ನೇ ನೋಡಿದರೆ ನಿಮ್ಮ ಮಾತು ಸರಿ, ಗ್ರಾಸಿಮ್ ನಾರಿನ ಕಂಪನಿ. ಕನ್ಸಾಲಿಡೇಟೆಡ್ ಆದಾಯ ಸುಮಾರು 1 ಲಕ್ಷ 31 ಸಾವಿರ ಕೋಟಿ. ಅದರಲ್ಲಿ ಸಿಮೆಂಟ್ 71 ಸಾವಿರ ಕೋಟಿ, ಅಂದರೆ ಶೇ 54. ಫೈನಾನ್ಸ್ ಸುಮಾರು 34 ಸಾವಿರ ಕೋಟಿ, ಕಾಲು ಭಾಗಕ್ಕೆ ಒಂದು ಚೂರು ಜಾಸ್ತಿ. ಉಳಿದದ್ದು ಗ್ರಾಸಿಮ್‌ನ ಸ್ವಂತ 26 ಸಾವಿರ ಕೋಟಿ. ಈ ಲೆಕ್ಕದಲ್ಲಿ ನಿಮ್ಮ ಆ್ಯಪ್ ಸರಿ.

ಆ್ಯಪ್‌ನವರು ಇದನ್ನು ತಾವೇ ತೀರ್ಮಾನ ಮಾಡಿಲ್ಲ. ಎನ್ಎಸ್ಇ ಪಟ್ಟಿಯಲ್ಲಿ ಗ್ರಾಸಿಮ್ ‘ಕಟ್ಟಡ ಸಾಮಗ್ರಿ’ ಗುಂಪಿನಲ್ಲಿದೆ. ಅದನ್ನೇ ಎತ್ತಿ ಹಾಕಿರುತ್ತಾರೆ. ಇಂಥ ಪಟ್ಟಿಗಳ ನಿಯಮ ಹೇಗಿರುತ್ತೆ ಅನ್ನುವುದಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಜಿಐಸಿಎಸ್ ನೋಡಬಹುದು. ಎಂಎಸ್‌ಸಿಐ ಮತ್ತು ಎಸ್ ಆ್ಯಂಡ್ ಪಿ ಸೇರಿ 1999ರಲ್ಲಿ ಮಾಡಿದ ವರ್ಗೀಕರಣ ಅದು. ಅಲ್ಲಿ ಮೊದಲು ನೋಡುವುದು ಆದಾಯ. ಒಂದೇ ಬಾಬಿನಿಂದ ಶೇ 60ಕ್ಕಿಂತ ಜಾಸ್ತಿ ಆದಾಯ ಬರುತ್ತಿದ್ದರೆ ಪ್ರಶ್ನೆಯೇ ಇಲ್ಲ, ಅದೇ ವಲಯ. ಅಷ್ಟು ಇಲ್ಲದಿದ್ದರೆ ಆದಾಯ ಮತ್ತು ಲಾಭ ಎರಡರಲ್ಲೂ ಸಿಂಹಪಾಲು ಯಾವುದರದು ಅಂತ ನೋಡುತ್ತಾರೆ. ಅದೂ ಸಿಗದಿದ್ದರೆ ಇನ್ನಷ್ಟು ಕೆದಕುತ್ತಾರೆ. ಮೂರು ಅಥವಾ ಅದಕ್ಕಿಂತ ಹೆಚ್ಚು ವಲಯಗಳಲ್ಲಿ ಹರಡಿಕೊಂಡು, ಯಾವ ಒಂದು ವಲಯವೂ ಆದಾಯದಲ್ಲಾಗಲಿ ಲಾಭದಲ್ಲಾಗಲಿ ಬಹುಪಾಲು ಕೊಡದಿದ್ದಾಗ ಮಾತ್ರ ‘ಇಂಡಸ್ಟ್ರಿಯಲ್ ಕಾಂಗ್ಲೊಮರೇಟ್’ ಅಥವಾ ‘ಮಲ್ಟಿ-ಸೆಕ್ಟರ್ ಹೋಲ್ಡಿಂಗ್ಸ್’ ಅನ್ನುವ ಗುಂಪಿಗೆ ಹಾಕುತ್ತಾರೆ.

ಈ ನಿಯಮ ಗೊತ್ತಾದರೆ ನಿಮ್ಮ ಮಗಳ ಮಾತೂ ಎಲ್ಲಿ ನಿಲ್ಲುತ್ತೆ ಅಂತ ಗೊತ್ತಾಗುತ್ತೆ. ಹತ್ತು ವ್ಯವಹಾರ ಇದ್ದರೆ ‘ಡೈವರ್ಸಿಫೈಡ್’ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಎಷ್ಟು ವ್ಯವಹಾರ ಇದೆ ಅನ್ನುವುದು ಮುಖ್ಯವಲ್ಲ, ಅವುಗಳಲ್ಲಿ ಒಂದು ಉಳಿದವನ್ನು ಮೀರಿಸುತ್ತಾ ಅನ್ನುವುದು ಮುಖ್ಯ. ರಿಲಯನ್ಸ್‌ನಲ್ಲಿ ತೈಲ ಸಂಸ್ಕರಣೆ, ಜಿಯೊ, ಚಿಲ್ಲರೆ ಅಂಗಡಿ ಎಲ್ಲ ಇವೆ, ಆದರೂ ಅದು ಎನ್ಎಸ್ಇ ಪಟ್ಟಿಯಲ್ಲಿ ತೈಲ ಕಂಪನಿಯೇ. ನಮ್ಮ ಎಕ್ಸ್‌ಚೇಂಜ್‌ಗಳ ವರ್ಗೀಕರಣದಲ್ಲಿ ಮೇಲಿನ ಹಂತದ 12 ಗುಂಪುಗಳಲ್ಲಿ ‘ಡೈವರ್ಸಿಫೈಡ್’ ಕೂಡ ಒಂದು. ಅದರಲ್ಲಿ ಕಂಪನಿಗಳು ಬೆರಳೆಣಿಕೆಯಷ್ಟು. ತ್ರೀಎಂ ಇಂಡಿಯಾ, ಗೋದ್ರೆಜ್ ಇಂಡಸ್ಟ್ರೀಸ್ ಅಲ್ಲಿವೆ. ಈ ಎರಡಕ್ಕೂ ಒಂದಕ್ಕೊಂದು ಏನು ಸಂಬಂಧ ಹೇಳಿ? ಅಂಟು, ಟೇಪು ಮಾರುವ ಕಂಪನಿಯೂ, ರಾಸಾಯನಿಕದಿಂದ ರಿಯಲ್ ಎಸ್ಟೇಟ್‌ವರೆಗೆ ಪಾಲು ಇಟ್ಟುಕೊಂಡ ಕಂಪನಿಯೂ ಒಂದೇ ದಿನ ಒಂದೇ ಕಾರಣಕ್ಕೆ ಏರಿಳಿಯುವುದಿಲ್ಲ. ಉಳಿದದ್ದನ್ನೆಲ್ಲ ಹಾಕುವ ಡಬ್ಬಿ ಅದು. ಅಪಾಯ ಅಳೆಯುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಇಲ್ಲಿಗೆ ಆ್ಯಪ್ ಗೆದ್ದಿತು ಅನ್ನಿಸಬಹುದು. ಆದರೆ ಆ ಶೇ 54 ಅನ್ನುವುದನ್ನು ನಾನು ಹಾಗೇ ಒಪ್ಪುವುದಿಲ್ಲ.

ಯಾಕೆ ಅಂದರೆ, ಅಂಗಸಂಸ್ಥೆಯ ಮೇಲೆ ಹಿಡಿತ ಇದ್ದರೆ ಅದರ ಆದಾಯವನ್ನು ಪೂರ್ತಿ ಸೇರಿಸಬೇಕು ಎಂಬುದು ಲೆಕ್ಕಪತ್ರದ ನಿಯಮ. ಪಾಲು ಶೇ 57 ಇದ್ದರೂ ಸೇರುವುದು ಶೇ 100. ಲಾಭದ ಸಾಲಿಗೆ ಬಂದಾಗ ಮಾತ್ರ ಹೊರಗಿನ ಷೇರುದಾರರ ಪಾಲನ್ನು ಬೇರೆ ತೆಗೆದು ತೋರಿಸುತ್ತಾರೆ. ಹಾಗಾಗಿ ಗ್ರಾಸಿಮ್ ಲೆಕ್ಕದಲ್ಲಿ ಕಾಣುವ 71 ಸಾವಿರ ಕೋಟಿ ಸಿಮೆಂಟ್ ಆದಾಯದಲ್ಲಿ ಗ್ರಾಸಿಮ್ ಷೇರುದಾರರಿಗೆ, ಅಂದರೆ ನಿಮಗೆ, ಸೇರಿದ್ದು ಶೇ 57 ಮಾತ್ರ. ಅದು ಸುಮಾರು 40 ಸಾವಿರದ 500 ಕೋಟಿ. ಫೈನಾನ್ಸ್‌ನ 34 ಸಾವಿರ ಕೋಟಿಯಲ್ಲಿ ಸುಮಾರು 18 ಸಾವಿರ ಕೋಟಿ. ಸ್ವಂತ ಕಾರ್ಖಾನೆಗಳ 26 ಸಾವಿರ ಕೋಟಿ ಪೂರ್ತಿ. ಮೂರನ್ನೂ ಕೂಡಿದರೆ 84 ಸಾವಿರದ 500 ಕೋಟಿ ಆಗುತ್ತೆ. ಇದರಲ್ಲಿ ಸಿಮೆಂಟ್ ಶೇ 48, ಫೈನಾನ್ಸ್ ಶೇ 21, ಸ್ವಂತದ್ದು ಶೇ 31. ಸಿಮೆಂಟ್ ಅರ್ಧಕ್ಕಿಂತ ಕೆಳಗೆ ಬಂತು ನೋಡಿ. ಸ್ವಂತದ್ದನ್ನು ಇನ್ನೂ ಬಿಡಿಸಿದರೆ ನಾರು ಶೇ 18ರ ಹತ್ತಿರ, ರಾಸಾಯನಿಕ ಶೇ 10ರ ಹತ್ತಿರ. ಈಗ ಯಾರೂ ಯಜಮಾನರಲ್ಲ. ಈ ಕೋನದಲ್ಲಿ ನಿಮ್ಮ ಮಗಳು ಸರಿ.

ಆದಾಯ ಬಿಟ್ಟು ಬೇರೆ ಅಳತೆ ಹಿಡಿದರೆ ಚಿತ್ರ ಮತ್ತೆ ಬದಲಾಗುತ್ತೆ. ಆಸ್ತಿ ನೋಡಿದರೆ ಫೈನಾನ್ಸ್‌ನದೇ ಮೇಲುಗೈ. ಸಾಲ ಕೊಡುವ ಕಂಪನಿಗೆ ಕೊಟ್ಟ ಸಾಲವೇ ಆಸ್ತಿ, ಜೀವವಿಮೆ ಕಂಪನಿಗೆ ಪಾಲಿಸಿದಾರರ ಹೂಡಿಕೆಯೇ ಆಸ್ತಿ. ಆದಿತ್ಯ ಬಿರ್ಲಾ ಕ್ಯಾಪಿಟಲ್ ಕೊಟ್ಟ ಸಾಲವೇ ಲಕ್ಷ ಕೋಟಿ ದಾಟಿದೆ. ಯಾವ ಸಿಮೆಂಟ್ ಕಾರ್ಖಾನೆಯೂ ಅದರ ಮುಂದೆ ಚಿಕ್ಕದಾಗಿ ಕಾಣುತ್ತೆ. ಹಾಗಂತ ಗ್ರಾಸಿಮ್ ಫೈನಾನ್ಸ್ ಕಂಪನಿ ಆಯ್ತಾ? ಇಲ್ಲ. ಎರಡು ಬೇರೆ ಜಾತಿಯ ವ್ಯವಹಾರಗಳ ಆಸ್ತಿಯನ್ನು ಪಕ್ಕಪಕ್ಕ ಇಟ್ಟು ತೂಗುವುದೇ ತಪ್ಪು. ಆದಾಯಕ್ಕೂ ಇದೇ ತೊಂದರೆ ಸ್ವಲ್ಪ ಇದೆ. ಜೀವವಿಮೆಯ ಪ್ರೀಮಿಯಂ ಪೂರ್ತಿ ಆದಾಯ ಅಂತ ಬರುತ್ತೆ, ಅದರ ಬಹುಪಾಲು ಮುಂದೆ ಪಾಲಿಸಿದಾರರಿಗೇ ಹೋಗಬೇಕಾದ ದುಡ್ಡು.

ಲಾಭ ನೋಡೋಣ. ಅಲ್ಟ್ರಾಟೆಕ್‌ನ ಆ ವರ್ಷದ ಲಾಭ ಸುಮಾರು 7 ಸಾವಿರ ಕೋಟಿ. ಗ್ರಾಸಿಮ್ ಪಾಲು 4 ಸಾವಿರ ಕೋಟಿ. ಫೈನಾನ್ಸ್‌ನ ಲಾಭ ಸುಮಾರು 3,300 ಕೋಟಿ, ಗ್ರಾಸಿಮ್ ಪಾಲು 1,750 ಕೋಟಿ. ಇನ್ನು ಗ್ರಾಸಿಮ್‌ನ ಸ್ವಂತ ಲಾಭ ಅಂತ ಸ್ಟ್ಯಾಂಡ್‌ಅಲೋನ್ ಲೆಕ್ಕದಲ್ಲಿ 945 ಕೋಟಿ ಕಾಣುತ್ತೆ. ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ಅಲ್ಟ್ರಾಟೆಕ್ ಕೊಟ್ಟ ಡಿವಿಡೆಂಡ್ ಕೂಡ ಆ 945 ಕೋಟಿಯ ಒಳಗೇ ಕೂತಿದೆ. ಅದು ಷೇರಿಗೆ 38 ರೂಪಾಯಿಯಂತೆ ಬಂದದ್ದು, ಸುಮಾರು 600 ಕೋಟಿಗೂ ಜಾಸ್ತಿ. ಅದು ಸಿಮೆಂಟ್‌ನ ದುಡ್ಡೇ. ಒಮ್ಮೆ 4 ಸಾವಿರ ಕೋಟಿಯಲ್ಲಿ ಎಣಿಸಿ, ಮತ್ತೆ ಇಲ್ಲಿ ‘ಸ್ವಂತದ್ದು’ ಅಂತ ಎಣಿಸಿದರೆ ಎರಡು ಸಲ ಎಣಿಸಿದಂತೆ. ಅದನ್ನು ತೆಗೆದರೆ ಸ್ವಂತ ಕಾರ್ಖಾನೆಗಳ ಲಾಭ ಆ ವರ್ಷ ತೀರಾ ಕಡಿಮೆ. ಪೇಂಟ್ ಆಗ ತಾನೇ 2024ರ ಫೆಬ್ರುವರಿಯಲ್ಲಿ ಶುರುವಾಗಿತ್ತು, ಖರ್ಚು ಮುಂದೆ, ಆದಾಯ ಹಿಂದೆ. ಒಟ್ಟಿನಲ್ಲಿ ಲಾಭದ ಮೂರನೇ ಎರಡು ಭಾಗ ಸಿಮೆಂಟ್‌ನದು ಅಂತ ಇಟ್ಟುಕೊಳ್ಳಿ.

ಆದಾಯದಲ್ಲಿ ನಿಮ್ಮ ಪಾಲು ಲೆಕ್ಕ ಹಾಕಿದರೆ ಶೇ 48, ಲಾಭದಲ್ಲಿ ಶೇ 65ರ ಮೇಲೆ. ಎರಡೂ ನಿಜ. ಆದರೆ ನಿಮ್ಮ ಎಕ್ಸೆಲ್ ಕೇಳುವ ಪ್ರಶ್ನೆ ಇವೆರಡೂ ಅಲ್ಲ. ‘ನಾಳೆ ಸಿಮೆಂಟ್ ಷೇರುಗಳು ಬಿದ್ದರೆ ನನ್ನ 10 ಲಕ್ಷದಲ್ಲಿ ಎಷ್ಟು ಏಟು ಬೀಳುತ್ತೆ?’ ಅನ್ನುವುದು ನಿಮ್ಮ ಪ್ರಶ್ನೆ. ಅದಕ್ಕೆ ಸರಿಯಾದ ಅಳತೆ ಮಾರುಕಟ್ಟೆ ಬೆಲೆ. ನಮ್ಮ ಕೆಲಸದಲ್ಲಿ ಇದನ್ನು ‘ಸಮ್ ಆಫ್ ದಿ ಪಾರ್ಟ್ಸ್’ ಅನ್ನುತ್ತೇವೆ. ಕಂಪನಿಯನ್ನು ಬಿಡಿಬಿಡಿಯಾಗಿ ತೆಗೆದು, ಒಂದೊಂದಕ್ಕೂ ಬೆಲೆ ಕಟ್ಟಿ, ಕೂಡುವುದು.

ಗ್ರಾಸಿಮ್‌ನ ವಿಷಯದಲ್ಲಿ ಇದು ಸುಲಭ, ಯಾಕೆಂದರೆ ಎರಡು ದೊಡ್ಡ ತುಂಡುಗಳ ಬೆಲೆ ದಿನಾ ಮಾರುಕಟ್ಟೆಯೇ ಹೇಳುತ್ತೆ. 2024ರ ಮಾರ್ಚ್ ಕೊನೆಗೆ ಅಲ್ಟ್ರಾಟೆಕ್‌ನ ಮಾರುಕಟ್ಟೆ ಮೌಲ್ಯ ಸುಮಾರು 2 ಲಕ್ಷ 80 ಸಾವಿರ ಕೋಟಿ. ಅದರ ಶೇ 57 ಅಂದರೆ 1 ಲಕ್ಷ 60 ಸಾವಿರ ಕೋಟಿ. ಆದಿತ್ಯ ಬಿರ್ಲಾ ಕ್ಯಾಪಿಟಲ್‌ದು ಸುಮಾರು 45 ಸಾವಿರ ಕೋಟಿ, ಗ್ರಾಸಿಮ್ ಪಾಲು 24 ಸಾವಿರ ಕೋಟಿ. ನಾರು, ರಾಸಾಯನಿಕ, ಪೇಂಟ್ ಇವಕ್ಕೆ ಮಾರುಕಟ್ಟೆ ಬೆಲೆ ಇಲ್ಲ, ನಾವೇ ಕಟ್ಟಬೇಕು. ಸಣ್ಣಪುಟ್ಟ ಹೂಡಿಕೆಗಳನ್ನೂ ಸೇರಿಸಿ, ಸಾಲ ಕಳೆದು 25 ಸಾವಿರ ಕೋಟಿ ಅಂತ ಇಡುತ್ತೇನೆ. ಇದು ನನ್ನ ಅಂದಾಜು, ನೀವು ಬೇರೆ ಇಡಬಹುದು. ಒಟ್ಟು 2 ಲಕ್ಷ 9 ಸಾವಿರ ಕೋಟಿ. ಸಿಮೆಂಟ್ ಶೇ 77, ಫೈನಾನ್ಸ್ ಸುಮಾರು ಶೇ 11, ಉಳಿದದ್ದು ಶೇ 12.

ನನ್ನ ಅಂದಾಜು ತಪ್ಪಿದ್ದರೆ? ಪರೀಕ್ಷೆ ಮಾಡೋಣ. 25ರ ಬದಲು 40 ಸಾವಿರ ಕೋಟಿ ಇಟ್ಟರೆ ಸಿಮೆಂಟ್ ಪಾಲು ಶೇ 71ಕ್ಕೆ ಇಳಿಯುತ್ತೆ. 15 ಸಾವಿರ ಇಟ್ಟರೆ ಶೇ 80ಕ್ಕೆ ಏರುತ್ತೆ. ಅಂದರೆ ಎಷ್ಟೇ ಎಳೆದಾಡಿದರೂ 70 ಮತ್ತು 80ರ ನಡುವೆಯೇ. ಅಂದಾಜು ಬದಲಿಸಿದಾಗ ಉತ್ತರ ಇಷ್ಟು ಕಡಿಮೆ ಅಲ್ಲಾಡಿದರೆ ಧೈರ್ಯವಾಗಿ ಬಳಸಬಹುದು. ಶೇ 35ರಿಂದ 65ಕ್ಕೆ ಹಾರಿದ್ದರೆ, ಆಗ ಒಂದು ವಲಯದ ಹೆಸರು ಕೊಡುವುದನ್ನೇ ಬಿಡಬೇಕಿತ್ತು.

ಇನ್ನೊಂದು ವಿಷಯ ಇಲ್ಲಿ ಕಣ್ಣಿಗೆ ಬಿದ್ದಿರಬಹುದು. ಆಗ ಗ್ರಾಸಿಮ್‌ನದೇ ಮಾರುಕಟ್ಟೆ ಮೌಲ್ಯ ಸುಮಾರು ಒಂದೂವರೆ ಲಕ್ಷ ಕೋಟಿ. ಅದರ ಕೈಯಲ್ಲಿರುವ ಅಲ್ಟ್ರಾಟೆಕ್ ಷೇರುಗಳ ಬೆಲೆಯೇ ಅದಕ್ಕಿಂತ ಜಾಸ್ತಿ! ಹಾಗಾದರೆ ನಾರು, ಸೋಡಾ, ಪೇಂಟ್, ಫೈನಾನ್ಸ್ ಎಲ್ಲ ಪುಕ್ಕಟೆಯಾ? ಅಲ್ಲ. ಇದು ಹೋಲ್ಡಿಂಗ್ ಕಂಪನಿ ಡಿಸ್ಕೌಂಟ್. ಗ್ರಾಸಿಮ್ ಆ ಷೇರುಗಳನ್ನು ಮಾರಿ ನಿಮಗೆ ದುಡ್ಡು ಹಂಚುವುದಿಲ್ಲ, ಬರುವ ಡಿವಿಡೆಂಡ್‌ ಅನ್ನು ಬೇರೆ ಹೊಸ ವ್ಯವಹಾರಕ್ಕೆ ಹಾಕಬಹುದು, ಮಾರಿದರೂ ತೆರಿಗೆ ಇದೆ. ಮಾರುಕಟ್ಟೆ ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಬೆಲೆ ಕಡಿಮೆ ಮಾಡುತ್ತೆ. ಈ ಡಿಸ್ಕೌಂಟ್ ಒಂದಲ್ಲ ಒಂದು ದಿನ ಮುಚ್ಚಿಹೋಗುತ್ತೆ ಎಂದು ಹೇಳಿ ಷೇರು ಮಾರುವವರ ಮಾತು ಕೇಳಬೇಡಿ. ದಶಕಗಟ್ಟಲೆ ಹಾಗೇ ಉಳಿದ ಉದಾಹರಣೆಗಳಿವೆ.

ಈಗ ನಿಮ್ಮ 10 ಲಕ್ಷಕ್ಕೆ ಬರೋಣ.

ಆ್ಯಪ್ ಹೇಳಿದಂತೆ ಗ್ರಾಸಿಮ್ ಪೂರ್ತಿ ಸಿಮೆಂಟ್ ಅಂದುಕೊಂಡರೆ ನಿಮ್ಮ ಸಿಮೆಂಟ್ 2.2 ಲಕ್ಷ, ಶೇ 22. ಮಿತಿ ದಾಟಿತು. ಮಗಳು ಹೇಳಿದಂತೆ ‘ಡೈವರ್ಸಿಫೈಡ್’ ಗೆ ಹಾಕಿದರೆ ಸಿಮೆಂಟ್ 1 ಲಕ್ಷ, ಶೇ 10 ಮಾತ್ರ. ನಿಮ್ಮಂತೆ ನಾರು, ಬಟ್ಟೆಗೆ ಹಾಕಿದರೂ ಅಷ್ಟೇ. ಒಂದೇ ಷೇರು, ಸಾಲು ಬದಲಾದರೆ 10 ಮತ್ತು 22ರಷ್ಟು ವ್ಯತ್ಯಾಸ.

ಬಿಡಿಸಿ ನೋಡಿದರೆ ಗ್ರಾಸಿಮ್‌ನ 1.2 ಲಕ್ಷದಲ್ಲಿ ಸಿಮೆಂಟ್‌ಗೆ 92 ಸಾವಿರ, ಫೈನಾನ್ಸ್‌ಗೆ 14 ಸಾವಿರ, ಉಳಿದದ್ದಕ್ಕೆ 14 ಸಾವಿರ. ಅಲ್ಟ್ರಾಟೆಕ್‌ನ 1 ಲಕ್ಷ ಸೇರಿಸಿದರೆ ನಿಮ್ಮ ಸಿಮೆಂಟ್ 1 ಲಕ್ಷ 92 ಸಾವಿರ, ಶೇ 19. ನಿಮ್ಮದೇ ಮಿತಿಯೊಳಗೆ ಇದ್ದೀರಿ, ಆದರೆ ಅಂಚಿನಲ್ಲಿ. ಸಿಮೆಂಟ್ ಜಾಸ್ತಿ ಆಗಿಲ್ಲ, ಇನ್ನು ಜಾಸ್ತಿ ಮಾಡುವ ಜಾಗವೂ ಇಲ್ಲ. ಜೊತೆಗೆ ನೀವು ಕೇಳದೇ ಇದ್ದ ಒಂದು ಮಾತು: ಫೈನಾನ್ಸ್ 2.8 ಲಕ್ಷ ಇದ್ದದ್ದು 2.94 ಲಕ್ಷ ಆಗುತ್ತೆ. ಅದು ಶೇ 29. ಗ್ರಾಸಿಮ್ ವಿಷಯ ಬಿಟ್ಟರೂ ನಿಮ್ಮ ಶೇ 20ರ ಮಿತಿ ಅಲ್ಲೇ ಮುರಿದಿದೆ. ಚಿಂತೆ ಮಾಡಬೇಕಾದದ್ದು ಸಿಮೆಂಟ್ ಸಾಲಲ್ಲ, ಆ ಸಾಲು.

ಇನ್ನೂ ಒಂದು ಮಾತಿದೆ. ನಿಮ್ಮ ಶೇ 19ರ ಸಿಮೆಂಟ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದೇ ಕಂಪನಿಯದು. ಎಸಿಸಿ, ಶ್ರೀ ಸಿಮೆಂಟ್, ದಾಲ್ಮಿಯಾ ಅಂತ ಹಂಚಿದ್ದಲ್ಲ. ಅಲ್ಟ್ರಾಟೆಕ್ ನೇರವಾಗಿ ಒಂದು ಸಲ, ಗ್ರಾಸಿಮ್ ಮೂಲಕ ಇನ್ನೊಂದು ಸಲ. ಸಿಮೆಂಟ್ ಉದ್ಯಮ ಚೆನ್ನಾಗಿದ್ದು ಆ ಒಂದು ಕಂಪನಿಗೆ ತೊಂದರೆ ಬಂದರೂ ಎರಡು ಸಾಲೂ ಒಟ್ಟಿಗೆ ಇಳಿಯುತ್ತವೆ. ನಿಮ್ಮ ಎಕ್ಸೆಲ್‌ನಲ್ಲಿ ‘ಒಂದು ಕಂಪನಿಯಲ್ಲಿ ಎಷ್ಟು’ ಅನ್ನುವ ಮಿತಿಯೂ ಇದ್ದರೆ ಇದನ್ನು ಅಲ್ಲಿ ಎಣಿಸಿ. ಗ್ರಾಹಕರ ಪಟ್ಟಿಗಳಲ್ಲಿ ನಾನು ಅತಿ ಹೆಚ್ಚು ನೋಡುವ ತೊಂದರೆ ಇದೇ: ತಾಯಿ ಕಂಪನಿ ಒಂದು ಸಾಲಿನಲ್ಲಿ, ಮಗು ಇನ್ನೊಂದು ಸಾಲಿನಲ್ಲಿ, ಎರಡಕ್ಕೂ ಬೇರೆ ಬೇರೆ ವಲಯದ ಹೆಸರು. ನೋಡಿದರೆ ಹಂಚಿಟ್ಟಂತೆ ಕಾಣುತ್ತೆ, ಇರುವುದು ಒಂದೇ ಬುಟ್ಟಿಯಲ್ಲಿ.

ಹಾಗಾದರೆ ಹಾಳೆಯಲ್ಲಿ ಏನು ಬರೆಯಬೇಕು? ನಾನು ಎರಡು ಕಾಲಂ ಇಡಲು ಹೇಳುತ್ತೇನೆ. ಒಂದರಲ್ಲಿ ಎಕ್ಸ್‌ಚೇಂಜ್ ಕೊಟ್ಟ ಹೆಸರು ಹಾಗೇ ಇರಲಿ, ಅದನ್ನು ಮುಟ್ಟಬೇಡಿ. ನಿಮ್ಮ ಹೂಡಿಕೆಯನ್ನು ನಿಫ್ಟಿ ಜೊತೆ ಅಥವಾ ಒಂದು ಮ್ಯೂಚುವಲ್ ಫಂಡ್ ಜೊತೆ ಹೋಲಿಸುವಾಗ ಅದು ಬೇಕು. ಅವರೂ ಅದೇ ಹೆಸರು ಬಳಸುವುದರಿಂದ, ನೀವೊಬ್ಬರು ಬದಲಿಸಿದರೆ ಹೋಲಿಕೆ ಕೆಡುತ್ತೆ. ಇನ್ನೊಂದರಲ್ಲಿ ಬಿಡಿಸಿದ ಪಾಲುಗಳನ್ನು ಬರೆಯಿರಿ. ಮಿತಿ ದಾಟಿತೋ ಇಲ್ಲವೋ ಅಂತ ನೋಡುವಾಗ ಈ ಎರಡನೆಯದನ್ನೇ ನಂಬಿ. ಬಿಡಿಸುವ ಕೆಲಸ ಎಲ್ಲ ಷೇರಿಗೂ ಬೇಡ. ನಿಮ್ಮ ಹೂಡಿಕೆಯ ಶೇ 5ಕ್ಕಿಂತ ಕಡಿಮೆ ಇರುವ ಕಂಪನಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಸುಮ್ನೆ ದಂಡ.

ಬೇರೆಯವರು ಸೂಚಿಸುವ ಒಂದು ದಾರಿ ಇದೆ: ಎಲ್ಲ ಮಿಶ್ರ ಕಂಪನಿಗಳನ್ನೂ ಆದಾಯದ ಪ್ರಮಾಣದಲ್ಲಿ ಹಂಚಿಬಿಡುವುದು. ಅಂಕಿ ಬೇಗ ಸಿಗುತ್ತೆ, ಅದಕ್ಕೇ ಜನಪ್ರಿಯ. ಆದರೆ ಆದಾಯ ಜಾಸ್ತಿ ಇದ್ದು ಲಾಭ ತೆಳ್ಳಗಿರುವ ವ್ಯವಹಾರ ಅದರಲ್ಲಿ ಊದಿಕೊಳ್ಳುತ್ತೆ. ಅದೇ 2023–24ರಲ್ಲಿ ರಿಲಯನ್ಸ್‌ನ ಒಟ್ಟು ಆದಾಯದಲ್ಲಿ ತೈಲ ಮತ್ತು ಪೆಟ್ರೊಕೆಮಿಕಲ್ ಅರ್ಧಕ್ಕಿಂತ ಜಾಸ್ತಿ, ಆದರೆ ಬಡ್ಡಿ, ತೆರಿಗೆ, ಸವಕಳಿಗೆ ಮುಂಚಿನ ಲಾಭದಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ. ಕಚ್ಚಾ ತೈಲದ ಬೆಲೆ ಏರಿದರೆ ಆದಾಯ ತಾನಾಗಿ ಉಬ್ಬುತ್ತೆ, ವ್ಯವಹಾರ ಬೆಳೆದಿರುವುದಿಲ್ಲ. ಐಟಿಸಿಯಲ್ಲಿ ಇದು ಉಲ್ಟಾ: ಸಿಗರೇಟು ಆದಾಯದಲ್ಲಿ ಸುಮಾರು ಶೇ 40, ಲಾಭದಲ್ಲಿ ಶೇ 80ರ ಆಸುಪಾಸು. ಆದಾಯದಂತೆ ಹಂಚಿದರೆ ಐಟಿಸಿ ಬಿಸ್ಕತ್ತು, ಆಟಾ ಕಂಪನಿಯಂತೆ ಕಾಣುತ್ತೆ. ಬಜೆಟ್ ದಿನ ಸಿಗರೇಟಿನ ತೆರಿಗೆ ಏರಿದಾಗ ಷೇರು ಹೇಗೆ ವರ್ತಿಸುತ್ತೆ ಅಂತ ನೋಡಿದವರಿಗೆ ಅದು ನಿಜವಲ್ಲ ಅಂತ ಗೊತ್ತು. ಬಿಡಿ ವ್ಯವಹಾರಗಳಿಗೆ ಮಾರುಕಟ್ಟೆ ಬೆಲೆ ಸಿಗದ ಇಂಥ ಕಂಪನಿಗಳಲ್ಲಿ ನಾನು ಆದಾಯ ಬಿಟ್ಟು ಲಾಭದ ಪ್ರಮಾಣ ಹಿಡಿಯುತ್ತೇನೆ. ಅದಕ್ಕೂ ಮಿತಿ ಇದೆ. ಪೇಂಟ್‌ನಂಥ ಹೊಸ ವ್ಯವಹಾರ ನಷ್ಟದಲ್ಲಿದ್ದಾಗ ಅದರ ಪಾಲು ಸೊನ್ನೆಗಿಂತ ಕೆಳಗೆ ತೋರಿಸುತ್ತೆ, ಸಾವಿರಾರು ಕೋಟಿ ಅದರಲ್ಲೇ ಹಾಕಿದ್ದರೂ. ಅಂಥ ಕಡೆ ಹಾಕಿದ ಬಂಡವಾಳವನ್ನೇ ಬೆಲೆ ಅಂತ ಇಟ್ಟುಕೊಳ್ಳುವುದು ವಾಸಿ.

ವಲಯದ ಹೆಸರು ದಾರಿ ತಪ್ಪಿಸುವ ಇನ್ನೊಂದು ಜಾಗ ಹೋಲಿಕೆ. ಗ್ರಾಸಿಮ್ ‘ಸಿಮೆಂಟ್’ ಅಂದಮೇಲೆ ಆ್ಯಪ್ ಅದನ್ನು ಸಿಮೆಂಟ್ ಕಂಪನಿಗಳ ಪಕ್ಕ ನಿಲ್ಲಿಸಿ ತೋರಿಸುತ್ತೆ. ಅದೇ ವರ್ಷದ ಕನ್ಸಾಲಿಡೇಟೆಡ್ ಲಾಭ ಹಿಡಿದು ನೋಡಿ. ಅಲ್ಟ್ರಾಟೆಕ್‌ನ ಬೆಲೆ ಅದರ ಲಾಭದ 40 ಪಟ್ಟು, ಗ್ರಾಸಿಮ್‌ನದು 27 ಪಟ್ಟು. ‘ಅಗ್ಗದ ಸಿಮೆಂಟ್ ಷೇರು’ ಅನ್ನಿಸುತ್ತೆ, ಅಲ್ವಾ? ಆ 27ರೊಳಗೆ 14 ಪಟ್ಟಿಗೆ ಸಿಗುತ್ತಿದ್ದ ಫೈನಾನ್ಸ್ ವ್ಯವಹಾರ ಬೆರೆತಿದೆ, ಮೇಲೆ ಹೋಲ್ಡಿಂಗ್ ಡಿಸ್ಕೌಂಟ್ ಇದೆ. ಸಿಮೆಂಟ್ ಅಗ್ಗ ಆಗಿಲ್ಲ. ಸಾಲದ ಅಂಕಿ ಇನ್ನೂ ಮೋಸ ಮಾಡುತ್ತೆ. ಕನ್ಸಾಲಿಡೇಟೆಡ್ ಲೆಕ್ಕದಲ್ಲಿ ಗ್ರಾಸಿಮ್‌ಗೆ ಲಕ್ಷ ಕೋಟಿಗೂ ಮೀರಿ ಸಾಲ ಕಾಣುತ್ತೆ. ನೋಡಿದವರು ಬೆಚ್ಚಿಬೀಳುತ್ತಾರೆ. ಅದರಲ್ಲಿ ಬಹುಪಾಲು ಫೈನಾನ್ಸ್ ಕಂಪನಿ ಸಾಲ ತಂದು ಸಾಲ ಕೊಟ್ಟದ್ದು. ಅದಕ್ಕೆ ಅದೇ ಕಚ್ಚಾ ಮಾಲು. ಸಿಮೆಂಟ್ ಕಂಪನಿಗಳ ಸಾಲದ ಅನುಪಾತದ ಜೊತೆ ಅದನ್ನು ಹೋಲಿಸಿದರೆ ಏನೂ ಅರ್ಥ ಬರುವುದಿಲ್ಲ. ಗ್ರಾಸಿಮ್‌ನ ಸಾಲ ನೋಡಬೇಕಾದರೆ ಸ್ಟ್ಯಾಂಡ್‌ಅಲೋನ್ ಲೆಕ್ಕ ತೆರೆಯಿರಿ.

ಅಂಕಿ ಎಲ್ಲಿ ಸಿಗುತ್ತೆ ಅಂತ ಹೇಳಿಬಿಡುತ್ತೇನೆ. ವಾರ್ಷಿಕ ವರದಿಯಲ್ಲಿ ಮೂರು ಜಾಗ ಸಾಕು. ಮೊದಲನೆಯದು ಸೆಗ್ಮೆಂಟ್ ಟಿಪ್ಪಣಿ. ಇಂಡ್ ಎಎಸ್ 108 ಅನ್ನುವ ಲೆಕ್ಕಪತ್ರ ಮಾನದಂಡದ ಪ್ರಕಾರ ಕೊಡುವುದು. ಒಟ್ಟು ಆದಾಯ, ಲಾಭ, ಆಸ್ತಿ ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಶೇ 10 ಮುಟ್ಟಿದ ವ್ಯವಹಾರವನ್ನು ಬೇರೆಯಾಗಿ ತೋರಿಸಲೇಬೇಕು. ಅಲ್ಲಿ ‘ಇಂಟರ್-ಸೆಗ್ಮೆಂಟ್’ ಅನ್ನುವ ಸಾಲು ಇರುತ್ತೆ, ಅಂದರೆ ಒಂದು ವಿಭಾಗ ಇನ್ನೊಂದಕ್ಕೆ ಮಾರಿದ್ದು. ಗ್ರಾಸಿಮ್‌ನ ಕಾಸ್ಟಿಕ್ ಸೋಡಾ ಅದರದೇ ನಾರಿಗೆ ಹೋಗುತ್ತೆ ನೋಡಿ, ಅದು. ಅದನ್ನು ಕಳೆಯದೇ ಶೇಕಡ ಹಾಕಬೇಡಿ. ಎರಡನೆಯದು ಎಒಸಿ-1 ಅನ್ನುವ ನಮೂನೆ, ಸಾಮಾನ್ಯವಾಗಿ ವರದಿಯ ಕೊನೆಯ ಕಡೆ ಇರುತ್ತೆ. ಪ್ರತಿ ಅಂಗಸಂಸ್ಥೆಯ ವಹಿವಾಟು, ಲಾಭ, ಅದರಲ್ಲಿ ತಾಯಿ ಕಂಪನಿಯ ಪಾಲು ಎಷ್ಟು ಶೇಕಡ ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತೆ. ಮೂರನೆಯದು, ಕನ್ಸಾಲಿಡೇಟೆಡ್ ಲಾಭದಲ್ಲಿ ಮತ್ತು ನಿವ್ವಳ ಆಸ್ತಿಯಲ್ಲಿ ಯಾವ ಸಂಸ್ಥೆಯ ಪಾಲು ಎಷ್ಟು ಎಂಬ ಕೋಷ್ಟಕ. ಕಂಪನಿ ಕಾಯ್ದೆಯ ಶೆಡ್ಯೂಲ್ 3 ಇದನ್ನು ಕೇಳುತ್ತೆ. ಹೊರಗಿನ ಷೇರುದಾರರ ಪಾಲು ಅಲ್ಲಿ ಬೇರೆ ಸಾಲಿನಲ್ಲಿ ಇರುತ್ತೆ, ಅದನ್ನು ಬಿಟ್ಟು ಓದಬೇಡಿ.

ಈ ಲೆಕ್ಕವನ್ನು ವರ್ಷಕ್ಕೊಮ್ಮೆ, ವಾರ್ಷಿಕ ವರದಿ ಬಂದಮೇಲೆ ಮಾಡಿದರೆ ಸಾಕು. ಎರಡು ಸಂದರ್ಭದಲ್ಲಿ ಮಾತ್ರ ಕಾಯಬೇಡಿ. ಒಂದು, ಯಾವುದಾದರೂ ವಿಭಾಗವನ್ನು ಬೇರೆ ಕಂಪನಿಯಾಗಿ ಮಾಡಿದಾಗ ಅಥವಾ ಸೇರಿಸಿಕೊಂಡಾಗ. ಗ್ರಾಸಿಮ್‌ನ ಸಿಮೆಂಟ್ 2010ರವರೆಗೆ ಅದರ ಸ್ವಂತ ವ್ಯವಹಾರವೂ ಆಗಿತ್ತು. ಅದನ್ನು ಬೇರ್ಪಡಿಸಿ ಅಲ್ಟ್ರಾಟೆಕ್‌ಗೆ ಸೇರಿಸಿದ ಮೇಲೆಯೇ ಸ್ಟ್ಯಾಂಡ್‌ಅಲೋನ್ ಲೆಕ್ಕ ನಾರಿನ ಕಡೆ ವಾಲಿದ್ದು. ಫೈನಾನ್ಸ್ ಬಂದದ್ದು 2017ರಲ್ಲಿ, ಆದಿತ್ಯ ಬಿರ್ಲಾ ನುವೊ ವಿಲೀನವಾದಾಗ. ಎರಡು, ಅಂಗಸಂಸ್ಥೆಯ ಮೇಲಿನ ಹಿಡಿತ ಹೋಗುವಷ್ಟು ಪಾಲು ಇಳಿದಾಗ. ಆಗ ಅದರ ಆದಾಯ ಕನ್ಸಾಲಿಡೇಟೆಡ್ ಲೆಕ್ಕದಿಂದ ಒಂದೇ ಸಲಕ್ಕೆ ಮಾಯವಾಗಿ, ‘ಸಹವರ್ತಿ ಕಂಪನಿಗಳ ಲಾಭದಲ್ಲಿ ಪಾಲು’ ಎಂಬ ಒಂದೇ ಸಾಲಾಗುತ್ತೆ. ಎಕ್ಸ್‌ಚೇಂಜ್‌ನ ವಲಯದ ಹೆಸರೂ ಬದಲಾಗಬಹುದು. ಆದರೆ ಪಾಲು ಶೇ 52ರಿಂದ 48ಕ್ಕೆ ಇಳಿದರೆ ನಿಮ್ಮ ನಿಜವಾದ ಅಪಾಯ ಬದಲಾಗುವುದು ಅಷ್ಟೇ, ನಾಲ್ಕು ಅಂಶ. ಹೆಸರು ಬದಲಾಯಿತೆಂದು ಎರಡನೇ ಕಾಲಂ ಅಳಿಸಿ ಬರೆಯಬೇಕಿಲ್ಲ.

ಸದ್ಯಕ್ಕೆ ಗ್ರಾಸಿಮ್‌ನಲ್ಲಿ ನಾನು ಗಮನಿಸುತ್ತಿರುವ ಸಾಲು ಪೇಂಟ್. 10 ಸಾವಿರ ಕೋಟಿ ಹಾಕುತ್ತೇವೆ ಎಂದು ಕಂಪನಿಯೇ ಹೇಳಿತ್ತು. ಅದು ಲಾಭಕ್ಕೆ ಬಂದರೆ ‘ಉಳಿದದ್ದು ಶೇ 12’ ಅನ್ನುವ ನಿಮ್ಮ ಅಂಕಿ ಮೊದಲು ಅಲ್ಲಾಡುತ್ತೆ. ಮನೆ ಕಟ್ಟುವುದು ನಿಂತರೆ ಸಿಮೆಂಟೂ ನಿಲ್ಲುತ್ತೆ, ಪೇಂಟೂ ನಿಧಾನವಾಗುತ್ತೆ. ಹಾಗಾಗಿ ಹಾಳೆಯಲ್ಲಿ ಪೇಂಟ್‌ಗೆ ಬೇರೆ ಸಾಲು ಮಾಡಿದರೂ, ‘ಕಟ್ಟಡ ಸಂಬಂಧಿ’ ಅಂತ ಸಿಮೆಂಟ್ ಜೊತೆ ಒಂದು ಉಪಮೊತ್ತ ಇಟ್ಟುಕೊಳ್ಳಿ. ನಿಮ್ಮ ಶೇ 20ರ ಮಿತಿಯನ್ನು ಆ ಮೊತ್ತಕ್ಕೆ ಹಾಕುತ್ತೀರೋ, ಸಿಮೆಂಟ್ ಒಂದಕ್ಕೇ ಹಾಕುತ್ತೀರೋ ಅನ್ನುವುದು ನಿಮಗೆ ಬಿಟ್ಟದ್ದು. ನಾನಾಗಿದ್ದರೆ ಆ ಮೊತ್ತಕ್ಕೇ ಹಾಕುತ್ತಿದ್ದೆ.